ವಕೀಲರ ಕಿವಿಗೆ ಬಿದ್ದದ್ದು, ವಕೀಲರ ಮೇಜಿಗೆ ಬಂದದ್ದು

ಪ್ರಶ್ನೆ: ನನ್ನ ತಮ್ಮ ಕುಂದಾಪುರದ ಹತ್ತಿರ ಒಂದು ಸೊಸೈಟಿಯಲ್ಲಿ ಕ್ಯಾಷಿಯರ್. ಆಡಿಟ್‌ನಲ್ಲಿ 6 ಲಕ್ಷ 40 ಸಾವಿರ ರೂಪಾಯಿ ಕಡಿಮೆ ಬಂದಿದೆ. ಪೊಲೀಸ್ ನೋಟಿಸು ಬಂದಿದೆ. ಸ್ವಲ್ಪ ಹಣ ತೆಗೆದದ್ದು ಹೌದು ಅಂತ ನನ್ನ ಹತ್ತಿರ ಹೇಳಿದ್ದಾನೆ. ಉಡುಪಿಯ ವಕೀಲರು ‘ಎಲ್ಲ ಬಿಚ್ಚಿ ಹೇಳು’ ಅಂತಾರೆ, ಇವನಿಗೆ ಹೆದರಿಕೆ. ಅವರು ಪೊಲೀಸರಿಗೆ ಹೇಳಿಬಿಟ್ಟರೆ? ಫೀಸು ಕೊಡುವುದು ನಾನು, ಜೊತೆಗೆ ಕೂರಬಹುದಾ? ಅವನ ಹತ್ತಿರ ಒಂದು ಸಣ್ಣ ಲೆಕ್ಕದ ಪುಸ್ತಕ ಇದೆ. ಅದನ್ನು ವಕೀಲರ ಹತ್ತಿರ ಇಟ್ಟರೆ ಸೇಫ್ ಅಲ್ವಾ? — ಒಬ್ಬ ಅಕ್ಕ, ಉಡುಪಿ ಜಿಲ್ಲೆ

ಉತ್ತರ: ಅಕ್ಕಾ, ಮೊದಲಿಗೆ ಒಂದು ವಿಷಯ. ನಿಮ್ಮ ಪತ್ರದಲ್ಲಿದ್ದ ಊರು, ಮೊತ್ತ, ಹುದ್ದೆ ಮೂರನ್ನೂ ಬದಲಿಸಿ ಮೇಲೆ ಹಾಕಿದ್ದೇನೆ. ನಾನು ವಕೀಲನೇ, ಆದರೆ ನಿಮ್ಮ ತಮ್ಮನ ವಕೀಲನಲ್ಲ. ಹತ್ತು ಜನ ಓದಲಿ ಅಂತಲೇ ಇರುವ ಅಂಕಣಕ್ಕೆ ಬರೆದ ಪತ್ರ ಗುಟ್ಟಿನ ಮಾತು ಆಗುವುದಿಲ್ಲ. ಇನ್ನು ಮುಂದೆ ಈ ಕೇಸಿನ ಬಗ್ಗೆ ಯಾರಿಗೂ ಏನೂ ಬರೆಯಬೇಡಿ, ನನಗೂ ಬೇಡ.

ಈಗ ತಮ್ಮನ ಹೆದರಿಕೆ. ‘ತೆಗೆದದ್ದು ಹೌದು ಸರ್’ ಅಂತ ಅವನು ವಕೀಲರಿಗೆ ಹೇಳಿದರೆ ಅವರು ಅದನ್ನು ಪೊಲೀಸರಿಗೂ ಹೇಳುವಂತಿಲ್ಲ, ಕೋರ್ಟಿಗೂ ಹೇಳುವಂತಿಲ್ಲ. ಇದು ಅವರ ಒಳ್ಳೆಯತನದ ಮೇಲೆ ನಿಂತದ್ದಲ್ಲ, ಕಾನೂನೇ ಅವರ ಬಾಯಿ ಕಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದು. ಹಳೆಯ 1872ರ ಸಾಕ್ಷ್ಯ ಕಾಯ್ದೆಯಲ್ಲಿ 126ನೇ ಕಲಂ ಆಗಿತ್ತು. ವಕೀಲನ ಕೆಲಸಕ್ಕಾಗಿ ಕಕ್ಷಿದಾರ ಹೇಳಿದ ಮಾತು, ಆ ಕೆಲಸದಲ್ಲಿ ನೋಡಿದ ಕಾಗದದ ಒಳಗಿನ ವಿಷಯ, ತಾನು ಕೊಟ್ಟ ಸಲಹೆ, ಇವನ್ನು ಕಕ್ಷಿದಾರ ಸ್ಪಷ್ಟವಾಗಿ ಒಪ್ಪದೆ ವಕೀಲ ಹೊರಗೆ ಬಿಡುವಂತಿಲ್ಲ. ಕೇಸು ಮುಗಿದರೂ, ವಕೀಲರನ್ನು ಬದಲಿಸಿದರೂ ಇದು ಮುಗಿಯುವುದಿಲ್ಲ. ಅವರ ಗುಮಾಸ್ತರಿಗೂ, ಆಫೀಸಿನ ನೌಕರರಿಗೂ, ದುಭಾಷಿಗೂ ಇದೇ ಕಟ್ಟು. ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತ್ರ ಬರುವ ಕಕ್ಷಿದಾರರು ಬರುತ್ತಾರೆ. ಅವರಿಗೆ ಮಾತು ದಾಟಿಸಲು ಕೂತವನೂ ಬಾಯಿ ಮುಚ್ಚಿಕೊಂಡಿರಬೇಕು.

ಆ ಕಲಮಿನ ಕೆಳಗೆ ಕಾನೂನೇ ಒಂದು ಉದಾಹರಣೆ ಕೊಟ್ಟಿದೆ. ಒಬ್ಬ ಬಂದು ವಕೀಲನಿಗೆ, ನಾನು ಖೋಟಾ ದಾಖಲೆ ಮಾಡಿದ್ದೇನೆ, ನನ್ನ ಪರವಾಗಿ ವಾದಿಸಿ ಅನ್ನುತ್ತಾನೆ. ಆ ಮಾತಿಗೆ ರಕ್ಷಣೆ ಇದೆ. ತಪ್ಪು ಮಾಡಿದವನ ಪರವಾಗಿ ವಾದಿಸುವುದು ಅಪರಾಧದ ಉದ್ದೇಶ ಅಲ್ಲ ಅಂತ ಕಾರಣವನ್ನೂ ಅಲ್ಲೇ ಬರೆದಿದೆ. ನಿಮ್ಮ ತಮ್ಮನ ಮಾತು ಇದೇ ಜಾತಿಯದು.

ಹಾಗಾದರೆ ಪೊಲೀಸರು ವಕೀಲರನ್ನೇ ಕರೆಸಿದರೆ? ಸ್ಟೇಷನ್ನಿನಿಂದ ಫೋನು ಬರುವುದು ಹೊಸತೇನೂ ಅಲ್ಲ. ‘ಸರ್, ನಿಮ್ಮ ಪಾರ್ಟಿ ಏನು ಹೇಳ್ತಾನೆ, ದುಡ್ಡು ಎಲ್ಲಿಟ್ಟಿದ್ದಾನಂತೆ?’ ಅಂತ ಸಲುಗೆಯಲ್ಲಿ ಕೇಳುವವರಿದ್ದಾರೆ. ಉತ್ತರ ಒಂದೇ: ಕೋರ್ಟಿನಲ್ಲಿ ಮಾತಾಡೋಣ. ಕಾಗದದ ಮೇಲೆ ಸಮನ್ಸೇ ಬಂದರೆ ಏನು ಅನ್ನುವುದನ್ನು ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಕೇಸಿನ ವಿವರ ತಿಳಿಯುವುದಕ್ಕಾಗಿ ತನಿಖಾಧಿಕಾರಿ ಆರೋಪಿಯ ವಕೀಲನನ್ನು ಕರೆಸುವಂತಿಲ್ಲ. 132ನೇ ಕಲಮಿನ ವಿನಾಯಿತಿಗೆ ಬೀಳುವ ಸಂಗತಿ ಇದ್ದರೆ ಮಾತ್ರ ಕರೆಸಬಹುದು. ಆ ಸಂಗತಿ ಯಾವುದು ಅಂತ ಸಮನ್ಸಿನಲ್ಲೇ ಬರೆಯಬೇಕು. ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಮೇಲಧಿಕಾರಿ ಕಾರಣ ಬರೆದು ಒಪ್ಪಿರಬೇಕು. ಇಷ್ಟಾದರೂ ವಕೀಲರಾಗಲಿ ಕಕ್ಷಿದಾರರಾಗಲಿ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಬಹುದು. ನಿಮ್ಮ ತಮ್ಮನ ಕೇಸಿನಲ್ಲಿ ಇಷ್ಟು ದೂರ ಹೋಗುವ ಲಕ್ಷಣ ನನಗೆ ಕಾಣುವುದಿಲ್ಲ. ಅವನಾಗಿ ತಪ್ಪು ಹೆಜ್ಜೆ ಇಡದಿದ್ದರೆ.

ತಪ್ಪು ಹೆಜ್ಜೆ ಅಂದರೆ ಏನು ಅಂತ ಹೇಳುವ ಮೊದಲು, ವಕೀಲರು ‘ಎಲ್ಲ ಬಿಚ್ಚಿ ಹೇಳು’ ಅನ್ನುವುದು ಯಾಕೆ ಅಂತ ನೋಡಿ. ನನ್ನ ಕಕ್ಷಿದಾರರೊಬ್ಬರ ಕಥೆ ಹೇಳಿದರೆ ಸುಲಭವಾಗಿ ತಿಳಿಯುತ್ತಿತ್ತು. ಆದರೆ ಇಂಥ ವಿಷಯ ಬರೆಯುವಾಗಲೇ ಅದನ್ನು ಹೇಳಿದರೆ ಹೇಗೆ ಮಾರಾಯ್ರೆ! ಹಾಗಾಗಿ ಒಂದು ಕ್ಯಾಷಿಯರ್ ಕೇಸನ್ನು ನಾನೇ ಕಟ್ಟಿ ಹೇಳುತ್ತೇನೆ.

ಒಬ್ಬ ಹುಡುಗ. ಕಡಿಮೆ ಬಂದದ್ದು 6 ಲಕ್ಷ 40 ಸಾವಿರ ಅಂತಲೇ ಇಟ್ಟುಕೊಳ್ಳಿ. ಅವನು ತೆಗೆದದ್ದು 1 ಲಕ್ಷ 80 ಸಾವಿರ. ಮನೆಯಲ್ಲಿ ಮದುವೆ ಇತ್ತು, ತಿಂಗಳೊಳಗೆ ತುಂಬಿಸಿಬಿಡುತ್ತೇನೆ ಅಂದುಕೊಂಡ. 60 ಸಾವಿರ ತುಂಬಿಸಿದ, ಉಳಿದದ್ದು ಆಗಲಿಲ್ಲ. ಬಾಕಿ 5 ಲಕ್ಷ 20 ಸಾವಿರಕ್ಕೂ ಅವನಿಗೂ ಸಂಬಂಧ ಇಲ್ಲ. ಆದರೆ ಅಲ್ಲಿ ಎಲ್ಲ ನಮೂದು ಆಗುವುದು ಅವನ ಲಾಗಿನ್‌ನಲ್ಲೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೌಂಟರಿನ ಕೀಬೋರ್ಡಿನ ಅಡಿಗೆ ಅಂಟಿಸಿಟ್ಟಿದ್ದರು. ಅವನು ರಜೆಯಲ್ಲಿದ್ದ ನಾಲ್ಕು ದಿನವೂ ಅವನ ಹೆಸರಿನಲ್ಲಿ ನಮೂದು ಆಗಿದೆ.

ಈಗ ಈ ಹುಡುಗ ಹೆದರಿ ವಕೀಲರ ಹತ್ತಿರ ‘ನಾನು ಒಂದು ಪೈಸೆಯೂ ಮುಟ್ಟಿಲ್ಲ’ ಅನ್ನುತ್ತಾನೆ. ವಕೀಲರು ನಂಬುತ್ತಾರೆ. ನಿರೀಕ್ಷಣಾ ಜಾಮೀನಿನ ಅರ್ಜಿಯಲ್ಲಿ ಹಾಗೇ ಬರೆಯುತ್ತಾರೆ. ಸರಕಾರಿ ಅಭಿಯೋಜಕರು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಡುತ್ತಾರೆ. ಹಣ ಕಡಿಮೆ ಬಿದ್ದ ಮರುದಿನವೇ ಇವನ ಖಾತೆಗೆ 40 ಸಾವಿರ ನಗದು ಜಮಾ ಆಗಿರುತ್ತದೆ. ಅಲ್ಲಿಗೆ ಆ ಅರ್ಜಿಯ ಒಂದು ಸಾಲನ್ನೂ ನ್ಯಾಯಾಧೀಶರು ನಂಬುವುದಿಲ್ಲ. ರಜೆಯ ನಾಲ್ಕು ದಿನದ ವಿಷಯ ಎಷ್ಟೇ ನಿಜವಾದರೂ ನೆಪದ ಹಾಗೆ ಕೇಳಿಸುತ್ತದೆ.

ಅದೇ ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅರ್ಜಿಯ ರೂಪವೇ ಬೇರೆ. ‘ಮುಟ್ಟಿಲ್ಲ’ ಅನ್ನುವ ವಾಕ್ಯ ಅಲ್ಲಿರುವುದಿಲ್ಲ, ‘ತೆಗೆದಿದ್ದೇನೆ’ ಅನ್ನುವುದೂ ಇರುವುದಿಲ್ಲ. ದಾಖಲೆಗಳೆಲ್ಲ ಸೊಸೈಟಿಯ ವಶದಲ್ಲೇ ಇವೆ, ಆರೋಪಿ ರಜೆಯಲ್ಲಿದ್ದಾಗಲೂ ಅವನ ಲಾಗಿನ್ ಬಳಕೆಯಾಗಿದೆ, ಪೂರ್ತಿ ಮೊತ್ತವನ್ನು ಅವನ ತಲೆಗೆ ಕಟ್ಟಲಾಗಿದೆ, ತನಿಖೆಗೆ ಹಾಜರಾಗುತ್ತಾನೆ ಅಂತ ಬರುತ್ತದೆ. ಹಾಜರಿ ಪುಸ್ತಕ ತರಿಸಬೇಕು ಅಂತ ವಕೀಲರಿಗೆ ಮೊದಲ ದಿನವೇ ಗೊತ್ತಿರುತ್ತದೆ. ಪಾಟೀಸವಾಲಿನಲ್ಲಿ ಮ್ಯಾನೇಜರಿಗೆ ಯಾವ ಪ್ರಶ್ನೆ ಕೇಳಬೇಕು, ಅದಕ್ಕಿಂತ ಮುಖ್ಯವಾಗಿ ಯಾವುದನ್ನು ಕೇಳಬಾರದು ಅಂತಲೂ ಗೊತ್ತಿರುತ್ತದೆ.

ಇದಕ್ಕೊಂದು ಮಿತಿ ಇದೆ. ಸತ್ಯ ಗೊತ್ತಾದ ಮೇಲೆ ವಕೀಲರು ಅವನನ್ನು ಸಾಕ್ಷಿ ಕಟ್ಟೆ ಹತ್ತಿಸಿ ‘ನಾನು ಮುಟ್ಟಿಲ್ಲ’ ಅಂತ ಹೇಳಿಸುವಂತಿಲ್ಲ. ಅದು ಗೊತ್ತಿದ್ದೂ ಸುಳ್ಳು ಸಾಕ್ಷ್ಯ ಕೊಡಿಸಿದ ಹಾಗೆ. ಆರೋಪ ಸಾಬೀತು ಮಾಡುವ ಹೊರೆ ಸರಕಾರದ್ದು, ಆ ಸಾಕ್ಷ್ಯದಲ್ಲಿ ತೂತು ಎಲ್ಲಿದೆ ಅಂತ ತೋರಿಸುವುದು ಬೇರೆ ಕೆಲಸ. ಅದನ್ನು ಅವರು ಧಾರಾಳವಾಗಿ ಮಾಡಬಹುದು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಅನ್ನುವ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ ಅವನ ಪರ ನಿಲ್ಲಬೇಕು ಅಂತ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಕೆಲವು ಕಕ್ಷಿದಾರರು ‘ವಕೀಲರಿಗೆ ಗೊತ್ತಾದರೆ ಅವರಿಗೆ ವಾದಿಸಲು ಮನಸ್ಸು ಬರುವುದಿಲ್ಲ’ ಅಂದುಕೊಳ್ಳುತ್ತಾರೆ. ಸುಮ್ನೆ ಹೆದರಿಕೆ. ನಮಗೆ ಹೊಟ್ಟೆನೋವು ಬರುವುದು ಅರ್ಧ ಸತ್ಯದಿಂದ.

ಈಗ ಆ ಪುಸ್ತಕ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ಅದೇ.

ಮಾತಿಗೆ ಇರುವ ರಕ್ಷಣೆ ವಸ್ತುವಿಗೆ ಇಲ್ಲ. ತಮ್ಮ ಆ ಪುಸ್ತಕವನ್ನು ವಕೀಲರಿಗೆ ತೋರಿಸಿ ವಿವರಿಸಿದರೆ, ಅದರಲ್ಲಿ ಏನಿದೆ ಅಂತ ಬಾಯಿಬಿಡಲು ವಕೀಲರನ್ನು ಯಾರೂ ಕೇಳುವಂತಿಲ್ಲ. ಆದರೆ ಪುಸ್ತಕ ವಕೀಲರ ಕಪಾಟಿನಲ್ಲಿದೆ ಅನ್ನುವ ಕಾರಣಕ್ಕೆ ಅದು ಮಾಯ ಆಗುವುದಿಲ್ಲ. ದಾಖಲೆ ಹಾಜರುಪಡಿಸಿ ಅಂತ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಲ್ಲಿ ಆದೇಶ ಬಂದರೆ ವಕೀಲರು ಅದನ್ನು ಕೋರ್ಟಿನ ಮುಂದೆ ಇಡಬೇಕಾಗುತ್ತದೆ. ಅಕ್ಟೋಬರ್ ತೀರ್ಪಿನಲ್ಲಿ ಈ ಮಾತೂ ಇದೆ. 132ನೇ ಕಲಂ ದಾಖಲೆ ಹಾಜರುಪಡಿಸುವುದನ್ನು ತಡೆಯುವುದಿಲ್ಲ. ಆಕ್ಷೇಪ ಇದ್ದರೆ ಕೋರ್ಟಿನಲ್ಲಿ ಹೇಳಬಹುದು, ತೀರ್ಮಾನ ನ್ಯಾಯಾಧೀಶರದ್ದು.

ಇಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಆರೋಪಿಯ ಕೈಯಲ್ಲೇ ಆ ಪುಸ್ತಕ ಇದ್ದರೆ, ತನ್ನ ವಿರುದ್ಧದ ದಾಖಲೆಯನ್ನು ತಾನೇ ತಂದುಕೊಡು ಅಂತ ಅವನನ್ನು ಒತ್ತಾಯಿಸುವ ಹಾಗಿಲ್ಲ. ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತದೆ. ಪೊಲೀಸರು ಶೋಧ ನಡೆಸಿ, ಮಹಜರು ಮಾಡಿ ವಶಪಡಿಸಿಕೊಳ್ಳಬಹುದು, ಅದು ಬೇರೆ. ಸೇಫ್ ಆಗಲಿ ಅಂತ ವಕೀಲರಿಗೆ ಕೊಟ್ಟರೆ ಇದ್ದ ಆಸರೆಯೂ ಅಲುಗಾಡುತ್ತದೆ. ಹಾಗಾಗಿ ಅನುಭವಸ್ಥ ವಕೀಲರು ಇಂಥ ಮೂಲ ದಾಖಲೆಯನ್ನು ಇಟ್ಟುಕೊಳ್ಳಲು ಒಪ್ಪುವುದಿಲ್ಲ. ನೋಡುತ್ತಾರೆ, ತಮ್ಮ ಟಿಪ್ಪಣಿ ಬರೆದುಕೊಳ್ಳುತ್ತಾರೆ, ವಾಪಸ್ ಕೊಡುತ್ತಾರೆ. ಒಪ್ಪಿ ತೆಗೆದು ಒಳಗಿಡುವ ವಕೀಲರು ಸಿಕ್ಕರೆ ಖುಷಿ ಪಡಬೇಡಿ.

ಪುಸ್ತಕವನ್ನು ಹರಿಯುವುದು, ಸುಡುವುದು, ಪುಟ ಕೀಳುವುದು ಯಾವುದೂ ಕೂಡದು. ಸಾಕ್ಷ್ಯ ನಾಶ ಪ್ರತ್ಯೇಕ ಅಪರಾಧ. ಹಣ ತೆಗೆದ ಆರೋಪದಲ್ಲಿ ನಿಮ್ಮ ಪಾತ್ರ ಏನೂ ಇಲ್ಲ, ಈ ಕೆಲಸಕ್ಕೆ ಕೈ ಹಾಕಿದರೆ ನೀವೂ ಆರೋಪಿ ಆಗುತ್ತೀರಿ.

ತಿದ್ದುವುದು ಇನ್ನೂ ಅಪಾಯ. 132ನೇ ಕಲಮಿನ ಕೆಳಗಿನ ಇನ್ನೊಂದು ಉದಾಹರಣೆ ನಿಮ್ಮ ಮನೆಯನ್ನು ನೋಡಿಯೇ ಬರೆದ ಹಾಗಿದೆ. ಹಣ ನುಂಗಿದ ಆರೋಪ ಹೊತ್ತವನೊಬ್ಬ ವಕೀಲರನ್ನು ಇಟ್ಟುಕೊಳ್ಳುತ್ತಾನೆ. ಕೇಸು ನಡೆಯುವಾಗ ವಕೀಲರು ಅವನ ಲೆಕ್ಕದ ಪುಸ್ತಕದಲ್ಲಿ ಒಂದು ನಮೂದು ನೋಡುತ್ತಾರೆ. ನುಂಗಿದ್ದಾನೆ ಅನ್ನುವ ಆ ಮೊತ್ತವನ್ನು ಅವನ ಲೆಕ್ಕಕ್ಕೇ ಬರೆದುಕೊಂಡ ನಮೂದು ಅದು. ತಾವು ಕೇಸು ಹಿಡಿದಾಗ ಆ ಸಾಲು ಅಲ್ಲಿರಲಿಲ್ಲ. ಅಂದರೆ ಆಮೇಲೆ ಸೇರಿಸಿದ್ದು. ಕೇಸು ಹಿಡಿದ ಮೇಲೆ ನಡೆದ ಮೋಸವನ್ನು ಕಂಡದ್ದಾದ್ದರಿಂದ ಇದಕ್ಕೆ ರಕ್ಷಣೆ ಇಲ್ಲ. ನೂರೈವತ್ತು ವರ್ಷದ ಹಿಂದೆ ಬರೆದ ಉದಾಹರಣೆ, ಹೊಸ ಕಾನೂನಿಗೂ ಹಾಗೇ ದಾಟಿ ಬಂದಿದೆ. ತಮ್ಮನಿಗೆ ಇದನ್ನು ಓದಿ ಹೇಳಿ. ಮೊದಲ ದಿನ ವಕೀಲರು ನೋಡಿದ ಪುಟಕ್ಕೂ ತಿಂಗಳ ನಂತರದ ಪುಟಕ್ಕೂ ಒಂದು ಅಕ್ಷರ ವ್ಯತ್ಯಾಸ ಇರಬಾರದು.

ರಕ್ಷಣೆ ತಪ್ಪುವ ಇನ್ನೊಂದು ದಾರಿ, ಕಾನೂನಿಗೆ ವಿರುದ್ಧವಾದ ಕೆಲಸಕ್ಕೆ ವಕೀಲರ ಸಹಾಯ ಕೇಳುವುದು. ಗೆರೆ ಎಲ್ಲಿದೆ ಅಂತ ಗೊತ್ತಾಗಲು ಎರಡು ಪ್ರಶ್ನೆ ನೋಡಿ. ‘ಉಳಿದ ಹಣ ಈಗ ಕಟ್ಟಿದರೆ ಕೇಸಿಗೆ ಒಳ್ಳೆಯದಾ ಕೆಟ್ಟದ್ದಾ ಸರ್?’ ಇದು ಸಲಹೆ ಕೇಳಿದ್ದು, ಪೂರ್ತಿ ಗುಟ್ಟು. ‘ಹಿಂದಿನ ತಾರೀಕು ಹಾಕಿ ಒಂದು ರಶೀದಿ ಮಾಡಿಸಿದರೆ ಹೇಗೆ ಸರ್, ನೀವೇ ಒಂದು ಡ್ರಾಫ್ಟ್ ಕೊಡಿ’ ಅಂದರೆ ಅದು ಹೊಸ ಅಪರಾಧಕ್ಕೆ ಕೈ ಜೋಡಿಸಿ ಅಂದ ಹಾಗೆ. ಆ ಮಾತಿಗೆ ಯಾವ ರಕ್ಷಣೆಯೂ ಇಲ್ಲ. ಆಗಿಹೋದದ್ದನ್ನು ಹೇಳಲು ಹೆದರಬೇಕಾಗಿಲ್ಲ, ಮುಂದೆ ಮಾಡುವ ಕಿತಾಪತಿಗೆ ವಕೀಲರ ಆಫೀಸು ಮರೆ ಆಗುವುದಿಲ್ಲ.

ಇನ್ನು ನಿಮ್ಮ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ನೀವು ಒಳಗೆ ಕೂರಬಾರದು.

ಕಕ್ಷಿದಾರ ನಿಮ್ಮ ತಮ್ಮ. ಫೀಸು ಯಾರು ಕೊಟ್ಟರು ಅನ್ನುವುದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ‘ಇವತ್ತು ಏನು ಹೇಳಿದ ಸರ್ ಅವನು?’ ಅಂತ ನೀವು ಕೇಳಿದರೆ, ತಮ್ಮನ ಒಪ್ಪಿಗೆ ಇಲ್ಲದೆ ವಕೀಲರು ಹೇಳುವಂತಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಈ ವಿಷಯಕ್ಕೆ ನನ್ನ ಮೇಲೆ ಸಿಟ್ಟಾಗಿ ಎದ್ದು ಹೋಗಿದ್ದಾರೆ. ಹೋಗಲಿ, ಏನು ಮಾಡುವುದು.

ಅದಕ್ಕಿಂತ ದೊಡ್ಡ ಕಾರಣ ಬೇರೆ. ವಕೀಲರ ಬಾಯಿ ಕಟ್ಟಿದ ಕಾನೂನು ನಿಮ್ಮ ಬಾಯಿ ಕಟ್ಟುವುದಿಲ್ಲ. ಮದುವೆಯಾದವನು ಹೆಂಡತಿಗೆ ಹೇಳಿದ ಮಾತಿಗೆ 128ನೇ ಕಲಮಿನಲ್ಲಿ ಒಂದು ರಕ್ಷಣೆ ಇದೆ. ಅಕ್ಕ, ಅಣ್ಣ, ಭಾವ, ಮಾವ ಯಾರಿಗೂ ಅಂಥದ್ದಿಲ್ಲ. ಅದೇ ಕೋಣೆಯಲ್ಲಿ ಕೂತು ನೀವು ಕೇಳಿಸಿಕೊಂಡದ್ದನ್ನು ವಕೀಲರಿಂದ ಹೊರಗೆ ತೆಗೆಯಲು ಆಗುವುದಿಲ್ಲ, ನಿಮ್ಮಿಂದ ತೆಗೆಯಬಹುದು. ತಮ್ಮ ಈಗಾಗಲೇ ನಿಮ್ಮ ಹತ್ತಿರ ಹೇಳಿದ್ದೂ ಹಾಗೇ. ಅದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಇನ್ನು ಕೇಳಬೇಡಿ, ಅವನಾಗಿ ಹೇಳಲು ಬಂದರೂ ತಡೆಯಿರಿ. ನಿಮ್ಮನ್ನು ವಿಚಾರಿಸಬೇಕು ಅಂತ ಪೊಲೀಸರು ಹೇಳಿದರೆ, ಹೆಂಗಸಾದ್ದರಿಂದ ನಿಮ್ಮ ಮನೆಯಲ್ಲೇ ವಿಚಾರಿಸಬೇಕು, ಸ್ಟೇಷನ್ನಿಗೆ ಬಾ ಅಂತ ಒತ್ತಾಯಿಸುವಂತಿಲ್ಲ. ಆಗ ಸುಳ್ಳು ಹೇಳಬೇಡಿ. ಅದಕ್ಕೆ ಮೊದಲು ನೀವೇ ಒಬ್ಬ ವಕೀಲರನ್ನು ನೋಡಿ. ತಮ್ಮನ ವಕೀಲರಲ್ಲ, ಬೇರೆಯವರು.

ಮೊದಲ ಭೇಟಿ ಹೇಗೆ ನಡೆಯಬೇಕು ಅಂದರೆ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ತಮ್ಮ ಒಬ್ಬನೇ ಒಳಗೆ ಹೋಗಲಿ. ಸಂಜೆ ಹೊತ್ತು ವಕೀಲರ ಆಫೀಸಿನಲ್ಲಿ ನಾಲ್ಕು ಪಾರ್ಟಿ ಕೂತಿರುತ್ತಾರೆ, ಬಾಗಿಲು ಅರ್ಧ ತೆರೆದಿರುತ್ತದೆ. ‘ಸರ್, ಬೇರೆಯವರು ಹೋಗಲಿ, ಆಮೇಲೆ ಹೇಳ್ತೇನೆ’ ಅನ್ನಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಪರಿಚಯದ ವಕೀಲರಿಗೆ ಪಾಯಸ ಕುಡಿಯುತ್ತಾ ಹೇಳಿದ ಮಾತನ್ನು ವಕೀಲಿಕೆಯ ಕೆಲಸಕ್ಕಾಗಿ ಹೇಳಿದ್ದು ಅಂತ ಸಾಧಿಸುವುದು ಕಷ್ಟ.

ನಾನೂ ಒಮ್ಮೆ ಎಡವಿದವನೇ. ಜೂನಿಯರ್ ಆಗಿದ್ದಾಗ ಮಂಗಳೂರಿನ ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಗೆಳೆಯನಿಗೆ ಒಂದು ಜಾಮೀನು ಕೇಸಿನ ವಿಷಯ ಹೇಳುತ್ತಿದ್ದೆ. ಹೆಸರು ಹೇಳಿರಲಿಲ್ಲ. ಆದರೆ ಊರು, ಅಂಗಡಿ ಎರಡೂ ಬಾಯಿಗೆ ಬಂದಿತ್ತು. ಹಿಂದಿನ ಮೇಜಿನಲ್ಲಿ ಕೂತದ್ದು ದೂರುದಾರನ ಕಡೆಯವನು. ಕೇಸಿಗೆ ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಸೀನಿಯರ್ ಒಂದು ವಾರ ನನ್ನ ಕೈಗೆ ಒಂದು ಫೈಲನ್ನೂ ಕೊಡಲಿಲ್ಲ.

ವಾಟ್ಸಾಪ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ವಕೀಲರ ಜೊತೆಗಿನ ಗುಟ್ಟಿನ ಮಾತನ್ನು ಕೋರ್ಟಿಗೆ ಹೇಳು ಅಂತ ಕಕ್ಷಿದಾರನನ್ನೂ ಒತ್ತಾಯಿಸುವಂತಿಲ್ಲ, ಅದು 134ನೇ ಕಲಂ. ಅವನಾಗಿ ಸಾಕ್ಷಿ ಹೇಳಲು ಕಟ್ಟೆ ಹತ್ತಿದರೆ ಮಾತ್ರ, ಹೇಳಿದ ಸಾಕ್ಷ್ಯವನ್ನು ವಿವರಿಸಲು ಬೇಕಾದಷ್ಟನ್ನು ಹೇಳಿಸಬಹುದು. ಕಾಗದದ ಮೇಲೆ ಇದು ಗಟ್ಟಿ. ಆದರೆ ತನಿಖೆಯಲ್ಲಿ ತಮ್ಮನ ಮೊಬೈಲು ವಶಕ್ಕೆ ಹೋದರೆ ಅದರೊಳಗಿನ ಮೆಸೇಜು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಆಮೇಲೆ ಆಕ್ಷೇಪ ಎತ್ತಬಹುದು, ನೋಡಿದ ಕಣ್ಣನ್ನು ಕುರುಡು ಮಾಡಲಾಗುವುದಿಲ್ಲ. ಹಾಗಾಗಿ ಹಣದ ಮಾತು ಎದುರಾ ಎದುರು ಕೂತು ಆಗಲಿ. ಮೊಬೈಲಿನಲ್ಲಿ ‘ನಾಳೆ ಎಷ್ಟು ಗಂಟೆಗೆ ಬರಲಿ ಸರ್’ ಅಷ್ಟೇ. ವಕೀಲರು, ತಮ್ಮ, ನೀವು, ಭಾವ ಎಲ್ಲ ಸೇರಿ ಗ್ರೂಪ್ ಮಾಡಿಕೊಂಡಿದ್ದರೆ ಅದರಲ್ಲಿ ಇನ್ನು ಏನೂ ಬರೆಯಬೇಡಿ. ಇದ್ದದ್ದನ್ನು ಅಳಿಸಲೂ ಹೋಗಬೇಡಿ, ಕಾರಣ ಮೇಲೆ ಹೇಳಿದ್ದೇ.

ಕೊನೆಗೆ, ಈಗ ಅರ್ಜೆಂಟಾಗಿ ನೋಡಬೇಕಾದ್ದು. ಸೊಸೈಟಿಯ ಕಡೆಯವರು ತಮ್ಮನನ್ನು ಕರೆಸಿ ‘ತಪ್ಪಾಯ್ತು ಅಂತ ಒಂದು ಕಾಗದ ಬರೆದುಕೊಡು, ಮ್ಯಾಟರ್ ಇಲ್ಲಿಗೇ ಮುಗಿಸುವಾ’ ಅಂದಿರಬಹುದು. ಇಂಥ ಕೇಸಿನಲ್ಲಿ ಇದು ಮಾಮೂಲು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತು ಮಾಡುವಂತಿಲ್ಲ. ನಿರ್ದೇಶಕರು ಪೊಲೀಸರಲ್ಲ. ಅವರಿಗೆ ಬರೆದುಕೊಟ್ಟ ಕಾಗದ ಸೀದಾ ಚಾರ್ಜ್‌ಶೀಟಿಗೆ ಹೋಗಿ ಅಂಟುತ್ತದೆ. ಹೆದರಿಸಿಯೋ ಆಸೆ ತೋರಿಸಿಯೋ ಬರೆಸಿಕೊಂಡರು ಅಂತ ಆಮೇಲೆ ವಾದಿಸಬಹುದು, ಆದರೆ ಅದು ಹತ್ತುವ ಬೆಟ್ಟ. ಅದಲ್ಲದೆ ಇಂಥ ಕಾಗದದಲ್ಲಿ ಮೊತ್ತದ ಜಾಗದಲ್ಲಿ ಪೂರ್ತಿ 6 ಲಕ್ಷ 40 ಸಾವಿರವನ್ನೇ ಬರೆಸುತ್ತಾರೆ. ವಕೀಲರ ಹತ್ತಿರ ಬಾಯಿಬಿಡಲು ಹೆದರುವ ಹುಡುಗರು ಇಲ್ಲಿ ಮಾತ್ರ ಐದು ನಿಮಿಷದಲ್ಲಿ ಸಹಿ ಹಾಕಿ ಬರುತ್ತಾರೆ.

ಅಂಥ ಕಾಗದಕ್ಕೆ ಅವನು ಈಗಾಗಲೇ ಸಹಿ ಮಾಡಿದ್ದರೆ, ವಕೀಲರಿಗೆ ಮೊದಲು ಹೇಳಬೇಕಾದ ವಿಷಯ ಅದೇ. ಯಾವ ದಿನ, ಯಾರ್ಯಾರು ಇದ್ದರು, ಬರೆದದ್ದು ಯಾರ ಅಕ್ಷರದಲ್ಲಿ, ಪ್ರತಿ ಕೊಟ್ಟರೋ ಇಲ್ಲವೋ ಅಂತ ಅವನು ನೆನಪು ಮಾಡಿಕೊಂಡು ಹೋಗಲಿ. ನಿಮಗೆ ಹೇಳುವುದು ಬೇಡ.